‘ಏನು ಮಾಡಬೇಕು ಹೇಳು’ ಎಂಬ ಮಾತು ಮತ್ತು ನಮ್ಮ ದಾಂಪತ್ಯದ ಮೊದಲ ವರ್ಷ

ಮದುವೆಯಾದ ಹೊಸತರಲ್ಲಿ ನಾನು ದಿನಕ್ಕೆ ಎರಡು ಮೂರು ಬಾರಿಯಾದರೂ ಹೇಳುತ್ತಿದ್ದ ಮಾತೆಂದರೆ ‘ಏನು ಮಾಡಬೇಕು ಹೇಳು, ಮಾಡುತ್ತೇನೆ’ ಎಂಬುದು. ಹಾಗೆ ಹೇಳುವಾಗ ನನ್ನ ಬಗ್ಗೆ ನನಗೇ ಸಣ್ಣದೊಂದು ಹೆಮ್ಮೆಯಿರುತ್ತಿತ್ತು. ಮನೆಗೆಲಸದಿಂದ ತಪ್ಪಿಸಿಕೊಳ್ಳುವ ಗಂಡ ನಾನಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ ಎಂದು ತಿಳಿದಿದ್ದೆ. ಪತ್ನಿ ಮೊದಮೊದಲು ಅದನ್ನು ಕೇಳಿ ನಗುತ್ತಿದ್ದಳು, ಎರಡನೆಯ ತಿಂಗಳಿನಲ್ಲಿ ಉತ್ತರಿಸದೆ ತಾನೇ ಎದ್ದು ಕೆಲಸ ಮಾಡಿಬಿಡುತ್ತಿದ್ದಳು, ಮೂರನೆಯ ತಿಂಗಳಿನ ಒಂದು ಸಂಜೆ ಒಗೆದ ಬಟ್ಟೆಗಳ ರಾಶಿಯ ಮುಂದೆ ಕುಳಿತು, ‘ಹೇಳುವುದೂ ಒಂದು ಕೆಲಸವೇ ಎಂದು ನಿನಗೆ ಯಾವಾಗ ತಿಳಿಯುತ್ತದೆ?’ ಎಂದು ಕೇಳಿದಳು. ಆ ಪ್ರಶ್ನೆ ನನಗೆ ಆ ಸಂಜೆ ಅರ್ಥವಾಗಲಿಲ್ಲ. ಕೆಲಸ ಮಾಡಲು ಸಿದ್ಧನಿರುವವನ ಮೇಲೆ ಸಿಟ್ಟೇಕೆ ಎಂದು ವಾದಿಸಿದೆ, ಅವಳು ವಾದಿಸದೆ ಮಲಗಲು ಹೋದಳು.

ಹಿಂತಿರುಗಿ ನೋಡಿದರೆ ಆ ಜಗಳದ ಮೂಲದಲ್ಲಿದ್ದುದು ಬಟ್ಟೆಯಾಗಿರಲಿಲ್ಲ, ಇಬ್ಬರೂ ಮದುವೆಗೆ ಮೊದಲೇ ಕಟ್ಟಿಕೊಂಡು ಬಂದಿದ್ದ ಒಂದೇ ಬಗೆಯ ಕನಸಾಗಿತ್ತು. ಪ್ರೀತಿಯಿದ್ದರೆ ಹೇಳದೆಯೇ ಅರ್ಥವಾಗುತ್ತದೆ ಎಂದು ಅವಳು ನಂಬಿದ್ದಳು. ಸಿಂಕ್ ತುಂಬಿರುವುದು ನನ್ನ ಕಣ್ಣಿಗೂ ಬೀಳುತ್ತದಲ್ಲವೇ, ಬಿದ್ದರೂ ಎದ್ದೇಳದಿದ್ದರೆ ಅದು ಉದಾಸೀನವಲ್ಲದೆ ಮತ್ತೇನು ಎಂಬುದು ಅವಳ ಲೆಕ್ಕ. ನಾನೂ ಅದನ್ನೇ ನಂಬಿದ್ದೆ, ಆದರೆ ನನಗೆ ಅನುಕೂಲವಾದ ಕಡೆಯಲ್ಲಿ ಮಾತ್ರ. ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ಯಾರೊಂದಿಗೂ ಮಾತನಾಡದೆ ಕುಳಿತಿರಬೇಕೆನ್ನುವುದು ನನ್ನ ಹಳೆಯ ಅಭ್ಯಾಸವಾಗಿತ್ತು, ಅದನ್ನು ನಾನು ಒಮ್ಮೆಯೂ ಅವಳಿಗೆ ಹೇಳಿರಲಿಲ್ಲ, ಆದರೂ ಬಾಗಿಲಲ್ಲೇ ದಿನದ ಸುದ್ದಿ ಕೇಳುವ ಅವಳಿಗೆ ಅದು ತಾನಾಗಿ ತಿಳಿಯಬೇಕೆಂದು ಒಳಗೊಳಗೇ ಮುನಿಸಿಕೊಳ್ಳುತ್ತಿದ್ದೆ. ದಂಪತಿಗಳಲ್ಲಿ ಕಾಣುವ ಅವಾಸ್ತವಿಕ ನಂಬಿಕೆಗಳನ್ನು ಅಳೆಯಲು ರಾಯ್ ಐಡೆಲ್ಸನ್ ಮತ್ತು ನಾರ್ಮನ್ ಎಪ್ಸ್ಟೀನ್ ಎಂಬ ಮನಶ್ಶಾಸ್ತ್ರಜ್ಞರು 1982ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದ್ದರು. ಅದರಲ್ಲಿರುವ ಐದು ನಂಬಿಕೆಗಳ ಪೈಕಿ ಒಂದು, ಸಂಗಾತಿಯು ಕೇಳದೆಯೇ ಮನಸ್ಸನ್ನು ಓದಬೇಕೆನ್ನುವುದು. ನಮ್ಮ ಮನೆಯ ಗುಟ್ಟನ್ನು ಯಾರೋ ಹಿಂದೆಯೇ ಬರೆದಿಟ್ಟಂತೆ ತೋರಿ, ಅದನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯೂ ಹೆಚ್ಚು ಸಮಾಧಾನವೂ ಆಯಿತು.

ಬದಲಾವಣೆ ಶುರುವಾದದ್ದು ಒಂದು ಹಟದಿಂದ. ನಾಲ್ಕನೆಯ ತಿಂಗಳಿನಲ್ಲಿ ಯಾರು ಹೆಚ್ಚು ಕೆಲಸ ಮಾಡುತ್ತಾರೆ ಎಂಬ ಮಾತು ಬಂದು, ಬರೆದೇ ನೋಡಿಬಿಡೋಣ ಎಂದು ಇಬ್ಬರೂ ಪಟ್ಟು ಹಿಡಿದೆವು. ಹತ್ತು ಕೆಲಸಗಳ ಹೆಸರನ್ನು ಎರಡು ಹಾಳೆಗಳಲ್ಲಿ ಬರೆದುಕೊಂಡು, ಪ್ರತಿಯೊಂದರಲ್ಲಿ ತನ್ನ ಪಾಲು ನೂರಕ್ಕೆ ಎಷ್ಟು ಎಂಬುದನ್ನು ಒಬ್ಬರದನ್ನು ಇನ್ನೊಬ್ಬರು ನೋಡದೆ ತುಂಬಿದೆವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೂಡಿಸಿದಾಗ ಹತ್ತರಲ್ಲಿ ಎಂಟು ಕೆಲಸಗಳ ಮೊತ್ತ ನೂರನ್ನು ದಾಟಿತ್ತು. ಬಟ್ಟೆಯ ಕೆಲಸದಲ್ಲಿ ನಾನು ನನಗೆ 60 ಕೊಟ್ಟುಕೊಂಡಿದ್ದೆ, ಅವಳು ತನಗೆ 75 ಕೊಟ್ಟುಕೊಂಡಿದ್ದಳು. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದೇವೆ ಎಂದೇ ಆ ಕ್ಷಣಕ್ಕೆ ಅನ್ನಿಸಿತು. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೊಲಿ 1979ರಲ್ಲೇ ವಿವಾಹಿತ ದಂಪತಿಗಳಿಂದ ಇಂಥದ್ದೇ ಅಂದಾಜುಗಳನ್ನು ಪಡೆದು, ಬಹುಪಾಲು ಕೆಲಸಗಳಲ್ಲಿ ಇಬ್ಬರ ಮೊತ್ತವೂ ಇರಬೇಕಾದುದಕ್ಕಿಂತ ಹೆಚ್ಚಾಗುವುದನ್ನು ತೋರಿಸಿದ್ದರೆಂದು ನನಗೆ ತಿಳಿದದ್ದು ಆಮೇಲೆ. ತಾನು ಮಾಡಿದ್ದು ತನಗೆ ಸುಲಭವಾಗಿ ನೆನಪಿಗೆ ಬರುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ಸುಲಭವಾಗಿ ಬರುವುದಿಲ್ಲ ಎನ್ನುವುದು ಅವರು ಕೊಟ್ಟ ಕಾರಣ.

ಆದರೆ 60 ಮತ್ತು 75ರ ನಡುವೆ ಇನ್ನೂ ಒಂದು ಸಂಗತಿಯಿತ್ತು. ಬಟ್ಟೆಯ ಕೆಲಸವೆಂದರೆ ನನ್ನ ಮಟ್ಟಿಗೆ ಯಂತ್ರಕ್ಕೆ ಹಾಕುವುದು, ಹೊರಗೆ ತೆಗೆಯುವುದು, ಹರವುವುದು. ಈ ಮೂರರಲ್ಲಿ ಹೆಚ್ಚಿನದನ್ನು ನಾನೇ ಮಾಡುತ್ತಿದ್ದೆ, ಆದ್ದರಿಂದ 60 ಎಂಬುದು ಸುಳ್ಳಲ್ಲ. ಅವಳ ಹಾಳೆಯ ಹಿಂಬದಿಯಲ್ಲಿ ಅವಳು ಬರೆದುಕೊಂಡಿದ್ದ ಪಟ್ಟಿ ಬೇರೆಯೇ ಆಗಿತ್ತು: ಸೋಪಿನ ಪುಡಿ ಮುಗಿಯುವ ಮೊದಲೇ ಗಮನಿಸುವುದು, ಹಾಸಿಗೆಯ ಹೊದಿಕೆ ಬದಲಿಸಿ ಎಷ್ಟು ದಿನವಾಯಿತೆಂದು ನೆನಪಿಡುವುದು, ಸೋಮವಾರಕ್ಕೆ ಯಾರಿಗೆ ಯಾವ ಬಟ್ಟೆ ಬೇಕೆಂದು ಶನಿವಾರವೇ ಯೋಚಿಸುವುದು, ಬಣ್ಣ ಬಿಡುವುದನ್ನು ಬೇರೆ ಮಾಡುವುದು, ಕೊನೆಗೆ ನಾನು ಹರವಿದ್ದನ್ನು ತೆಗೆದು ಮಡಚಲು ಮರೆತೆನೇ ಎಂದು ನೋಡುವುದು. ನನ್ನ ‘ಏನು ಮಾಡಬೇಕು ಹೇಳು’ ಎಂಬ ಮಾತು ಈ ಪಟ್ಟಿಯನ್ನೆಲ್ಲ ಅವಳ ತಲೆಯಲ್ಲೇ ಬಿಟ್ಟು, ಕೈಯಿಂದ ಮಾಡುವುದನ್ನಷ್ಟೇ ತೆಗೆದುಕೊಳ್ಳುತ್ತಿತ್ತು. ಆಲಿಸನ್ ಡಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ 35 ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು ಈ ತಲೆಯೊಳಗಿನ ಕೆಲಸವನ್ನು ನಾಲ್ಕಾಗಿ ಬಿಡಿಸುತ್ತದೆ: ಏನು ಬೇಕಾಗಬಹುದೆಂದು ಮುಂಚೆಯೇ ಕಾಣುವುದು, ಅದನ್ನು ಪೂರೈಸುವ ದಾರಿಗಳನ್ನು ಹುಡುಕುವುದು, ಅವುಗಳಲ್ಲಿ ಒಂದನ್ನು ನಿರ್ಧರಿಸುವುದು, ಆದದ್ದು ಸರಿಯಾಗಿ ಆಯಿತೇ ಎಂದು ನೋಡಿಕೊಳ್ಳುವುದು. ಮೊದಲನೆಯದೂ ಕೊನೆಯದೂ ಹೆಂಗಸರ ಪಾಲಿಗೆ ಹೆಚ್ಚಾಗಿ ಬೀಳುವುದನ್ನೂ, ನಿರ್ಧಾರದಲ್ಲಿ ಮಾತ್ರ ಇಬ್ಬರೂ ಬಹುಮಟ್ಟಿಗೆ ಸೇರಿಕೊಳ್ಳುವುದನ್ನೂ ಅವರು ಗಮನಿಸಿದ್ದರು. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ.

ಹೀಗಾಗಿ ಒಂದೇ ಕೆಲಸವನ್ನು ಇಬ್ಬರಿಗೂ ಅರ್ಧರ್ಧ ಹಂಚುವುದನ್ನು ಬಿಟ್ಟು, ಒಂದು ಕೆಲಸವನ್ನು ಗಮನಿಸುವ ಹಂತದಿಂದ ಮುಗಿಸುವ ಹಂತದವರೆಗೆ ಒಬ್ಬರಿಗೇ ಒಪ್ಪಿಸುವುದೆಂದು ತೀರ್ಮಾನಿಸಿದೆವು. ಬಟ್ಟೆಯೂ ಕಸವೂ ಬಿಲ್ಲುಗಳೂ ಪೂರ್ತಿಯಾಗಿ ನನ್ನವು. ದಿನಸಿ ತರುವುದು, ಸ್ನಾನದ ಮನೆ ತೊಳೆಯುವುದು, ಇಬ್ಬರ ಮನೆಯವರ ಹುಟ್ಟುಹಬ್ಬಗಳನ್ನು ನೆನಪಿಡುವುದು ಅವಳವು. ಅಡುಗೆಯನ್ನು ಮಾತ್ರ ದಿನಗಳ ಲೆಕ್ಕದಲ್ಲಿ ಹಂಚಿಕೊಂಡೆವು, ಅದರಲ್ಲಿ ಹೇಳುವಂಥ ತೊಡಕೇನೂ ಬರಲಿಲ್ಲ. ಒಪ್ಪಿಸುವ ಮೊದಲು ಪ್ರತಿಯೊಂದಕ್ಕೂ ಕನಿಷ್ಠ ಮಟ್ಟ ಯಾವುದೆಂದು ಮಾತನಾಡಿಕೊಂಡೆವು, ಏಕೆಂದರೆ ‘ಶುಚಿ’ ಎಂಬ ಪದಕ್ಕೆ ನಾವಿಬ್ಬರೂ ಬೆಳೆದ ಮನೆಗಳಲ್ಲಿ ಒಂದೇ ಅರ್ಥವಿರಲಿಲ್ಲ. ಕಸ ರಾತ್ರಿ ಮಲಗುವ ಮುನ್ನ ಹೊರಗೆ ಹೋಗಬೇಕು, ಬುಟ್ಟಿ ಅರ್ಧವೇ ತುಂಬಿದ್ದರೂ ಸರಿ. ಹೊದಿಕೆ ಹತ್ತು ದಿನಕ್ಕೊಮ್ಮೆ. ಬಿಲ್ಲು ಕೊನೆಯ ದಿನಾಂಕಕ್ಕೆ ಮೂರು ದಿನ ಮೊದಲು. ಅಷ್ಟನ್ನು ಮುಟ್ಟಿದರೆ ಹೇಗೆ ಮಾಡಿದೆ ಎಂಬ ವಿಚಾರಣೆ ಇರಕೂಡದು ಎಂಬುದು ನಮ್ಮ ನಡುವಿನ ಕರಾರು.

ಈ ಕರಾರು ಮೂರನೆಯ ವಾರದಲ್ಲಿ ಮುರಿಯುವಂತಾಯಿತು. ಒಂದು ಭಾನುವಾರ ನಾನು ಬಟ್ಟೆಯನ್ನು ಸಂಪೂರ್ಣವಾಗಿ ಮರೆತೆ. ಅವಳಿಗೆ ಅದು ಸಂಜೆಯೇ ಗೊತ್ತಾಗಿತ್ತಂತೆ. ನೆನಪಿಸಲೇ ಬೇಡವೇ ಎಂದು ಎರಡು ಗಂಟೆ ಒದ್ದಾಡಿ ಸುಮ್ಮನಿದ್ದಳು. ಸೋಮವಾರ ಬೆಳಿಗ್ಗೆ ನನಗೆ ಹಾಕಿಕೊಳ್ಳಲು ಇಸ್ತ್ರಿಯಾದ ಅಂಗಿಯಿರಲಿಲ್ಲ, ಅವಳಿಗೆ ಬೇಕಾಗಿದ್ದ ಬಟ್ಟೆಯೂ ಬುಟ್ಟಿಯಲ್ಲೇ ಇತ್ತು. ನಾನು ಮಾಡಿದ ಮೊದಲ ತಪ್ಪು ಮರೆತದ್ದು, ಎರಡನೆಯದು ‘ಒಂದು ಮಾತು ಹೇಳಬಾರದಿತ್ತೇ’ ಎಂದು ಅವಳನ್ನೇ ಕೇಳಿದ್ದು. ಕೇಳಿದ ಬಳಿಕ ನನಗೇ ಅರಿವಾಯಿತು, ಒಪ್ಪಿಸಿಕೊಂಡ ಕೆಲಸದ ಕಾವಲನ್ನು ನಾನು ಮತ್ತೆ ಅವಳ ಬಳಿಯೇ ಬಿಟ್ಟಿದ್ದೆನೆಂದು. ಅಂದಿನಿಂದ ನಾವು ಬಳಸುವ ಪರೀಕ್ಷೆ ಸರಳವಾದದ್ದು: ಒಂದು ಕೆಲಸದ ಬಗ್ಗೆ ಇನ್ನೊಬ್ಬರು ಎರಡು ವಾರದಲ್ಲಿ ಒಮ್ಮೆಯಾದರೂ ನೆನಪಿಸಬೇಕಾಗಿ ಬಂದರೆ, ಅದು ಕೈ ಬದಲಾಗಿಲ್ಲವೆಂದೇ ಲೆಕ್ಕ. ನನ್ನ ಫೋನಿನಲ್ಲಿ ಶನಿವಾರ ಸಂಜೆ ಐದಕ್ಕೆ ಒಂದು ಅಲಾರಂ ಇಟ್ಟುಕೊಂಡೆ. ಅವಳಿಗೆ ಕಷ್ಟವಾದದ್ದು ಬೇರೆ. ನಾನು ಮಡಚಿಟ್ಟ ಬಟ್ಟೆಯನ್ನು ಅವಳು ಮತ್ತೆ ಬಿಚ್ಚಿ ತನ್ನ ರೀತಿಯಲ್ಲಿ ಮಡಚುತ್ತಿದ್ದಳು. ಅದನ್ನು ಬಿಡಲು ಅವಳಿಗೆ ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು, ಈಗಲೂ ನನ್ನ ಮಡಿಕೆಗಳನ್ನು ನೋಡಿದಾಗ ಅವಳ ಹುಬ್ಬು ಸ್ವಲ್ಪ ಮೇಲೇರುತ್ತದೆ.

ಇಂಥವನ್ನು ಮಾತನಾಡಿಕೊಳ್ಳಲು ವಾರಕ್ಕೆ ಇಪ್ಪತ್ತು ನಿಮಿಷ ಎತ್ತಿಟ್ಟೆವು. ಮೊದಲು ಭಾನುವಾರ ರಾತ್ರಿ ಎಂದುಕೊಂಡದ್ದು ಕೆಟ್ಟ ಆಯ್ಕೆಯಾಗಿತ್ತು. ಮರುದಿನದ ಕೆಲಸದ ಆತಂಕವೆಲ್ಲ ಆ ಮಾತಿಗೆ ಸೇರಿ ಎರಡು ವಾರ ಜಗಳದಲ್ಲೇ ಮುಗಿಯಿತು. ಶನಿವಾರ ಬೆಳಗಿಗೆ ಬದಲಿಸಿದ ಮೇಲೆ ಅದು ನಿಂತಿತು. ಮಾತು ಹೇಗೆ ಆರಂಭವಾಗುತ್ತದೆ ಎನ್ನುವುದು ಏನು ಹೇಳುತ್ತೇವೆ ಎಂಬಷ್ಟೇ ಮುಖ್ಯವೆಂದು ನಾನು ಕಲಿತದ್ದೂ ಅಲ್ಲಿಯೇ. ‘ನೀನು ಯಾವಾಗಲೂ ಹೀಗೆಯೇ’ ಎಂದು ಶುರುವಾದ ಶನಿವಾರಗಳು ಎಲ್ಲಿಗೂ ತಲುಪಲಿಲ್ಲ. ‘ಬುಧವಾರ ಕಸ ಹೊರಗೆ ಹೋಗಿರಲಿಲ್ಲ, ಬೆಳಿಗ್ಗೆ ವಾಸನೆಗೆ ನನಗೆ ತಲೆನೋವು ಬಂತು’ ಎಂದು ಶುರುವಾದವು ಐದು ನಿಮಿಷದಲ್ಲಿ ಮುಗಿಯುತ್ತಿದ್ದವು. ಸಿಬಿಲ್ ಕರೇರ್ ಮತ್ತು ಜಾನ್ ಗಾಟ್‌ಮನ್ 124 ನವದಂಪತಿಗಳ ಭಿನ್ನಾಭಿಪ್ರಾಯದ ಮಾತುಕತೆಯನ್ನು ದಾಖಲಿಸಿ 1999ರಲ್ಲಿ ಬರೆದ ಲೇಖನದಲ್ಲಿ, ಮುಂದೆ ಬೇರೆಯಾದವರನ್ನೂ ಜೊತೆಯಲ್ಲಿ ಉಳಿದವರನ್ನೂ ಹೋಲಿಸಿದಾಗ ಮಾತಿನ ಮೊದಲ ಮೂರು ನಿಮಿಷಗಳಲ್ಲೇ ವ್ಯತ್ಯಾಸ ಕಾಣುತ್ತದೆಂದು ಹೇಳಿದ್ದಾರೆ. ಅದನ್ನು ಭವಿಷ್ಯವಾಣಿಯೆಂದು ಓದಿ ಹೆದರುವ ಅಗತ್ಯ ನನಗೆ ಕಾಣುವುದಿಲ್ಲ, ನಾನಂತೂ ಅದರಿಂದ ಬಾಯಿ ತೆರೆಯುವ ಮೊದಲು ವಾರ, ದಿನ, ಘಟನೆ ಇವುಗಳನ್ನು ಮನಸ್ಸಿನಲ್ಲಿ ಖಚಿತ ಮಾಡಿಕೊಳ್ಳುವ ಅಭ್ಯಾಸವನ್ನಷ್ಟೇ ತೆಗೆದುಕೊಂಡೆ.

ನನ್ನ ಅರ್ಧ ಗಂಟೆಯ ಮೌನದ ವಿಷಯವೂ ಇಂಥದ್ದೇ ಒಂದು ಶನಿವಾರ ಹೊರಗೆ ಬಂತು. ಅದು ತನ್ನ ಮೇಲಿನ ಬೇಸರವೆಂದೇ ಅವಳು ಐದು ತಿಂಗಳಿನಿಂದ ತಿಳಿದಿದ್ದಳೆಂದು ಕೇಳಿ ನಾನು ಬೆಚ್ಚಿದೆ. ಬಂದ ಕೂಡಲೇ ಎರಡು ನಿಮಿಷ ಮಾತು, ಆಮೇಲೆ ಇಪ್ಪತ್ತು ನಿಮಿಷ ನನ್ನ ಪಾಡಿಗೆ ನಾನು, ಅದಾದ ನಂತರ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಅವಳೊಂದಿಗೆ ಎಂದು ಗೊತ್ತುಮಾಡಿಕೊಂಡೆವು.

ಈ ವ್ಯವಸ್ಥೆ ಎಲ್ಲ ಕಾಲಕ್ಕೂ ನಡೆಯುತ್ತದೆಂದು ನಾನು ಹೇಳಲಾರೆ. ಒಂಬತ್ತನೆಯ ತಿಂಗಳಿನಲ್ಲಿ ಅವಳ ಕೆಲಸದ ಒತ್ತಡ ಏರಿ ಆರು ವಾರ ಬಹುತೇಕ ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕಾಯಿತು, ಆಗ ಹಂಚಿಕೆಯ ಹಾಳೆಗೆ ಅರ್ಥವಿರಲಿಲ್ಲ. ಆದರೆ ಒತ್ತಡ ಇಳಿದ ಮೇಲೆ ಯಾವ ಕೆಲಸ ಯಾರದೆಂದು ಇಬ್ಬರೂ ಕುಳಿತು ಹೇಳಿಕೊಳ್ಳದಿದ್ದರೆ ತಾತ್ಕಾಲಿಕವಾದದ್ದೇ ಕಾಯಂ ಆಗಿಬಿಡುತ್ತಿತ್ತು. ಅದಕ್ಕಾಗಿ ಕ್ಯಾಲೆಂಡರಿನಲ್ಲಿ ಮೊದಲೇ ಒಂದು ದಿನಾಂಕ ಗುರುತು ಹಾಕಿದ್ದೆವು. ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರ ಭಯವಿರುವ ಮನೆಯಲ್ಲಿ ಇದನ್ನು ಪ್ರಯತ್ನಿಸಬಾರದು, ಅಲ್ಲಿ ಬೇಕಾದದ್ದು ಹೊರಗಿನ ನೆರವು.

ವರ್ಷ ತುಂಬಿದ ವಾರ ಅದೇ ಹತ್ತು ಕೆಲಸಗಳ ಹಾಳೆಯನ್ನು ಮತ್ತೆ ತುಂಬಿದೆವು. ಮೂರು ಕೆಲಸಗಳ ಮೊತ್ತ ಇನ್ನೂ ನೂರನ್ನು ದಾಟಿತ್ತು. ಬಟ್ಟೆಯದರಲ್ಲಿ ನಾನು ನನಗೆ 95 ಕೊಟ್ಟುಕೊಂಡಿದ್ದೆ, ಅವಳು ತನಗೆ 10 ಕೊಟ್ಟುಕೊಂಡಿದ್ದಳು. ಆ ಹೆಚ್ಚುವರಿ ಐದು ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ಹಾಸಿಗೆಯ ಮೇಲೆ ನಾನು ಬಿಟ್ಟುಹೋಗುವ ಒದ್ದೆ ಟವೆಲನ್ನು ಎತ್ತಿ ಹರವುವುದು ಯಾರೆಂದು ಅವಳು ಕೇಳಿದಳು. ಆ ಟವೆಲು ನಮ್ಮ ಪಟ್ಟಿಯಲ್ಲಿ ಇನ್ನೂ ಯಾರ ಹೆಸರಿಗೂ ಬಂದಿಲ್ಲ.