ಸೊಳ್ಳೆಪರದೆಗೂ ದುಡ್ಡು, ಹಾಲಕ್ಕಿ ಕೊಪ್ಪದ ಫೈಲಿಗೂ ದುಡ್ಡು

ಮೊದ್ಲು ರಿಸಲ್ಟ್ ಹೇಳ್ಬಿಡ್ತೆ, ಯಾಕಂದ್ರೆ "ಇದು ಆಗೂದಲ್ಲ ಹೋಗೂದಲ್ಲ" ಅಂದವ್ರಲ್ಲಿ ಸುಮಾರು ಜನ ಇದನ್ನ ಓದ್ತಾರೆ. ಅಂಕೋಲಾ ಕುಮಟಾ ಕಡೆ ಹಾಲಕ್ಕಿ ಸಮುದಾಯದ ಕೇರಿಗಳು, ಅಂದ್ರೆ ಕೊಪ್ಪಗಳು, ಅಲ್ಲಿನ ಇಪ್ಪತ್ತು ಚಿಲ್ಲರೆ ಅರಣ್ಯ ಹಕ್ಕು ಫೈಲು, ಒಂದ್ಸಲ ತಿರಸ್ಕಾರ ಆದದ್ದು, ನಮ್ಮ ಗುಂಪಿನ ದುಡ್ಡಲ್ಲಿ ಮತ್ತೆ ಎದ್ದು ಮೇಲಿನ ಸಮಿತಿಗೆ ಹೋಗಿದೆ, ಅದ್ರಲ್ಲಿ ಮೂರೋ ನಾಕೋ ಹಕ್ಕುಪತ್ರ ಕೈಗೂ ಬಂತು. ಅದೇ ಹೊತ್ತಿಗೆ ಆಫ್ರಿಕಾದ ಮಲೇರಿಯಾಕ್ಕೆ ಕಳಿಸೂ ದುಡ್ಡು ಒಂದು ವರ್ಷನೂ ನಿಲ್ಲಿಸ್ಲಿಲ್ಲ. ಎರಡೂ ಒಟ್ಟಿಗೆ ಆಗ್ತದೆ ಅಂತ ಯಾರೂ ನಂಬಿರ್ಲಿಲ್ಲ.

ನಮ್ಮದು ಹದಿನಾಲ್ಕು ಹದಿನೈದು ಜನರ ಗುಂಪು. ಟ್ರಸ್ಟ್ ಇಲ್ಲ, ರಿಜಿಸ್ಟ್ರೇಶನ್ ಇಲ್ಲ, ವರ್ಷಕ್ಕೆ ಆರು ಲಕ್ಷದ ಆಚೀಚೆ ಸೇರ್ತದೆ. ಶುರು ಮಾಡಿದಾಗ ಪೂರಾ ಗಿವ್‌ವೆಲ್ ಲಿಸ್ಟ್ ಹಿಡ್ಕೊಂಡೇ ಹೋದದ್ದು, ಯಾವ ದಾನದಿಂದ ಕಮ್ಮಿ ಖರ್ಚಲ್ಲಿ ಜೀವ ಉಳೀತದೆ ಅಂತ ಲೆಕ್ಕ ಹಾಕೂ ಸಂಸ್ಥೆ ಅದು: ಸೊಳ್ಳೆಪರದೆ, ಮತ್ತೆ ಸಹಾರಾದ ಕೆಳಗಿನ ಪಟ್ಟೀಲಿ ಮಳೆಗಾಲದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೊಂದ್ಸಲ ಕೊಡೂ ಮಲೇರಿಯಾ ಮಾತ್ರೆ. ಅವ್ರ ಅಂದಾಜಲ್ಲಿ ಒಂದು ಜೀವ ಉಳಿಸೂಕೆ ನಮ್ಮ ಲೆಕ್ಕಕ್ಕೆ ನಾಕು ಲಕ್ಷದ ಆಸುಪಾಸು ಬೀಳ್ತದೆ, ಅಂದ್ರೆ ನಮ್ಮ ಗುಂಪು ವರ್ಷಕ್ಕೆ ಒಂದೂವರೆ ಮಗು. ಕಳಿಸೂದೇ ತಲೆನೋವು, ವಿದೇಶಕ್ಕೆ ದುಡ್ಡು ಕಳಿಸೂ ಎ2 ಫಾರ್ಮ್ ತಗೊಂಡು ಹೋದ್ರೆ ಬ್ಯಾಂಕಿನವ್ರು "ಮಗ ಅಲ್ಲಿ ಓದ್ತಿದಾನಾ" ಅಂತ ಕೇಳ್ತಾರೆ, ಪ್ರತಿ ಸಲ ಕಮಿಷನ್ ಮತ್ತೆ ರೇಟಿನ ವ್ಯತ್ಯಾಸ ಸೇರಿ ಎರಡು ಮೂರು ಸಾವ್ರ ಹೋಗ್ತದೆ, ಅದಕ್ಕೆ ವರ್ಷಕ್ಕೆ ಒಂದೇ ಸಲ ಕಳಿಸೂದು. 80ಜಿ ತೆರಿಗೆ ವಿನಾಯ್ತಿ ಇಲ್ಲ, ಅದನ್ನ ಮರ್ತುಬಿಡಿ.

ವಿರೋಧ ಬಂದದ್ದು ನಮ್ಮ ಊರಿನ ರಿಟೈರ್ಡ್ ಮಾಸ್ತರಿಂದ. ತತ್ವಜ್ಞಾನಿ ಪೀಟರ್ ಸಿಂಗರ್‌ನ 1972ರ ವಾದ, ಎದುರಿನ ಕೆರೇಲಿ ಮುಳುಗ್ತಿರೂ ಮಗೂನ ಎತ್ತೂ ಹಂಗೇ ದೂರದ ದೇಶದ ಮಗೂನೂ ಉಳಿಸ್ಬೇಕು ಅನ್ನೂದು, ನಾನು ದೊಡ್ಡ ಉಮೇದಲ್ಲಿ ಹೇಳ್ದೆ. ಪೂರ್ತಿ ಕೇಳಿದ್ರು, ಕವಳ ಉಗುಳಿ ಬಂದು, "ಮಗೂನ ಎತ್ತು ತಮಾ, ಬೇಡ ಅಂದವ್ರು ಯಾರು. ಆದ್ರೆ ಕೆರೆ ಬೇಲಿ ಕಿತ್ಕೊಂಡು ಹೋದವ ಯಾರು ಅಂತ ನಿನ್ನ ಲೆಕ್ಕ ಕೇಳೂದೇ ಇಲ್ವಲ. ಮತ್ತೆ ನಿಂಗೆ ನೈಜೀರಿಯಾ ಕಾಣ್ತದೆ, ಗುಡ್ಡದಾಚೆ ಕೊಪ್ಪ ಕಾಣೂದಿಲ್ಲ" ಅಂದ್ರು. ಗುಂಪಲ್ಲಿ ಅರ್ಧ ಜನ ಮಾಸ್ತರ ಕಡೆ ಹೋದ್ರು. ಊರಿನ ದುಡ್ಡು ಊರಿಗೇ ಅಂತ.

ಸರಿ, ಊರಿನ ಲೆಕ್ಕನೇ ತೆಗೆಯುವ ಅಂದೆ. ಎಲ್ರೂ ಹಿಂದಿನ ಮೂರು ನಾಕು ವರ್ಷ ಊರಲ್ಲಿ ಯಾರ್ಯಾರಿಗೆ ಎಷ್ಟು ಕೊಟ್ಟಿದೀರಿ ಅಂತ ಬರೆದು ಕೊಡಿ ಅಂದೆ, ಹೆಸರು ಮುಚ್ಚಿ ಒಟ್ಟು ಮಾಡ್ದೆ. ಮುಕ್ಕಾಲು ಪಾಲು ದೇವಸ್ಥಾನದ ಜೀರ್ಣೋದ್ಧಾರ, ಸ್ವಂತ ಜಾತಿಯ ಹಾಸ್ಟೆಲ್, ನೆಂಟರ ಮಣಿಪಾಲ ಆಸ್ಪತ್ರೆ ಬಿಲ್. ಉಳಿದದ್ದು ನೋಟ್‌ಬುಕ್ ಹಂಚಿದ್ದು. ಕೊಪ್ಪಕ್ಕೆ ಹೋದ ದುಡ್ಡು ಹುಡುಕಿದ್ರೂ ಸಿಗ್ಲಿಲ್ಲ. ಅಲ್ಲಿಗೆ ನಂಗೆ ಒಂದು ಸ್ಪಷ್ಟ ಆಯ್ತು: ನ್ಯಾಯ ಅನ್ನೂ ಆಕ್ಷೇಪನೂ ನಂಟು ಅನ್ನೂ ಆಕ್ಷೇಪನೂ ಒಂದೇ ಬಾಯಲ್ಲಿ ಬರ್ತದೆ, ಆದ್ರೆ ಅವೆರಡು ಒಂದೇ ಅಲ್ಲ, ನಮ್ಮೂರಲ್ಲಂತೂ ನಂಟು ಎಳೆಯೂ ಕಡೆ ನ್ಯಾಯ ಇರೂದೇ ಕಮ್ಮಿ. ಇದನ್ನ ಮಾಸ್ತರಿಗೆ ತೋರಿಸ್ದೆ, ಅವ್ರು ಒಪ್ಕಂಡ್ರು, "ಹಂಗಾರೆ ನ್ಯಾಯದ್ದು ಒಂದು ಮಾಡಿ ತೋರ್ಸು" ಅಂದ್ರು.

ನಾವು ಹಿಡಿದದ್ದು ಎಫ್‌ಆರ್‌ಎ, ಕಾಡಿನ ಜಾಗದಲ್ಲಿ ಮೊದ್ಲಿಂದ ಇದ್ದವ್ರಿಗೆ ಆ ಜಾಗದ ಹಕ್ಕು ಕೊಡೂ 2006ರ ಅರಣ್ಯ ಹಕ್ಕು ಕಾಯ್ದೆ. ಈ ಜಿಲ್ಲೇಲಿ ಅದು ಗೊತ್ತಿಲ್ದೇ ಇದ್ದವ್ರಿಲ್ಲ. 2019ರ ಫೆಬ್ರವರೀಲಿ ತಿರಸ್ಕಾರ ಆದವ್ರನ್ನ ಒಕ್ಕಲೆಬ್ಬಿಸಿ ಅಂತ ಸುಪ್ರೀಂ ಕೋರ್ಟು ಹೇಳಿ, ಅದೇ ತಿಂಗಳ ಕೊನೇಲಿ ತಡೆ ಕೊಟ್ಟ ಮೇಲೆ ಕೊಪ್ಪಗಳಲ್ಲಿ ಹೆದರಿಕೆ ಹೋಗೇ ಇಲ್ಲ. ಫೈಲು ಗ್ರಾಮಸಭೆ, ಆಮೇಲೆ ಎಸಿ ಆಫೀಸಿನ ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ ಅಂತ ಹೋಗ್ತದೆ, ಮೊದಲೆರಡು ಕಡೆ ಎಲ್ಲಿ ಬಿದ್ರೂ 60 ದಿನದೊಳಗೆ ಮೇಲಿನವ್ರಿಗೆ ಅರ್ಜಿ ಹಾಕ್ಬೇಕು.

ಮೊದಲ ವರ್ಷ ದುಡ್ಡು ಹಾಳಾಯ್ತು. ಒಬ್ಬ ವಕೀಲರಿಗೆ ಒಟ್ಟಿಗೆ ನಲವತ್ತು ಸಾವ್ರ ಕೊಟ್ವಿ, ಅವ್ರು ಎಲ್ಲಾ ಮನೆಗೂ ಒಂದೇ ಅರ್ಜಿ ಹೆಸರು ಬದ್ಲಿ ಮಾಡಿ ಹಾಕಿದ್ರು, ಎಲ್ಲಾನೂ ವಾಪಸ್. ಆಮೇಲೆ ಜೆರಾಕ್ಸು, ಜಿಪಿಎಸ್ಸು ಅಂತ ಇನ್ನೊಂದು ಹದಿನೈದು ಇಪ್ಪತ್ತು ಹೋಯ್ತು. ತೊಂದ್ರೆ ಏನಂದ್ರೆ ಜನರ ಕೈಲಿ ತಿರಸ್ಕಾರದ ಕಾಗದನೇ ಇರ್ಲಿಲ್ಲ, "ನಿಂದು ಆಗೂದಿಲ್ಲ" ಅಂತ ಬಾಯಲ್ಲಿ ಹೇಳಿ ಕಳಿಸಿದ್ದು, ಅಷ್ಟರಲ್ಲಿ 60 ದಿನ ಕಳೆದು ಹೋಗಿತ್ತು. 2012ರ ತಿದ್ದುಪಡಿ ನಿಯಮ 12ಎ ಪ್ರಕಾರ ತಿರಸ್ಕಾರನ ಅರ್ಜಿದಾರನಿಗೆ ಖುದ್ದು ತಿಳಿಸ್ಬೇಕು, ಇಂಥದೇ ದಾಖಲೆ ತಾ ಅಂತ ಹಟ ಮಾಡೂ ಹಂಗಿಲ್ಲ. ನಾವು ಎರಡನೇ ವರ್ಷದಿಂದ ಮೊದ್ಲು ಕೇಳಿದ್ದೇ ಲಿಖಿತ ಕಾರಣ. ಕಾರಣ ಬರೆದು ಕೊಡೂಕೆ ಕೂತ್ರೆ ಅರ್ಧ ಫೈಲು ತಾನಾಗೇ "ಮರುಪರಿಶೀಲನೆ" ಆಗ್ತದೆ, ಇದು ನಮ್ಮ ಅನುಭವ.

ಈಗ ಅಸಲು ವಿಷಯ. ನಮ್ಮಲ್ಲಿ ಒಬ್ಬ ಲೆಕ್ಕದವ ಇದಾನೆ, ಪುಣೇಲಿ ಕೆಲ್ಸ, ಎಲ್ಲಾ ಶೀಟಿಗೆ ಹಾಕ್ತಾನೆ. ನಾವು ಯಲ್ಲಾಪುರ ಕಡೆ ಸಿದ್ದಿಯವ್ರ ಫೈಲೂ ಸ್ವಲ್ಪ ಮಾಡಿದ್ವಿ. ಅವ ತೆಗೆದ ಅಂದಾಜು: ಸಿದ್ದಿ ಫೈಲಿಗೆ ಸಾವ್ರದ ಎಂಟುನೂರು ಖರ್ಚು, ಹತ್ತರಲ್ಲಿ ಐದಾರು ಪಾಸು. ಹಾಲಕ್ಕಿ ಫೈಲಿಗೆ ಆರೂವರೆ ಸಾವ್ರ, ಹತ್ತರಲ್ಲಿ ಒಂದೋ ಎರಡೋ. ಅಂದ್ರೆ ಒಂದು ಹಕ್ಕುಪತ್ರಕ್ಕೆ ಒಂದು ಕಡೆ ಮೂರು ಚಿಲ್ಲರೆ ಸಾವ್ರ, ಇನ್ನೊಂದು ಕಡೆ ನಲವತ್ತರ ಮೇಲೆ. "ಹಾಲಕ್ಕಿ ಬಿಡಿ, ಪೂರಾ ಸಿದ್ದಿಗೆ ಹಾಕಿ" ಅಂದ. ಪರಿಣಾಮ ಲೆಕ್ಕದ ಪ್ರಕಾರ ಅವ ಹೇಳಿದ್ದು ಪಕ್ಕಾ ಸರಿ.

ಆದ್ರೆ ಈ ವ್ಯತ್ಯಾಸ ಎಲ್ಲಿಂದ ಬಂತು ನೋಡಿ. ನಮ್ಮ ಜಿಲ್ಲೆಯ ಸಿದ್ದಿಯವ್ರು 2003ರಲ್ಲಿ ಎಸ್ಟಿ ಪಟ್ಟಿಗೆ ಸೇರಿದ್ರು, ಅವ್ರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ರು ಅಂತ ತೋರಿಸಿದ್ರೆ ಆಯ್ತು. ಹಾಲಕ್ಕಿಯವ್ರು ಆ ಪಟ್ಟೀಲಿಲ್ಲ. ಸುಕ್ರಿ ಬೊಮ್ಮಗೌಡರಿಗೆ, ತುಳಸಿ ಗೌಡರಿಗೆ ಪದ್ಮಶ್ರೀ ಬಂತು, ಪಟ್ಟಿ ಬರ್ಲಿಲ್ಲ. ಹಂಗಾಗಿ ಅವ್ರು "ಇತರೆ ಪಾರಂಪರಿಕ ಅರಣ್ಯವಾಸಿ", ಮೂರು ತಲೆಮಾರು ಅಂದ್ರೆ 75 ವರ್ಷ, 1930ರಿಂದ ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ಕೊಡ್ಬೇಕು. ಅದೇ ಗುಡ್ಡ, ಅದೇ ಗದ್ದೆ, ಅದೇ ಬಡತನ, ಆದ್ರೂ ಫೈಲಿನ ಖರ್ಚು ಮೂರೂವರೆ ಪಟ್ಟು. ಹಾಲಕ್ಕಿ ಫೈಲು ದುಬಾರಿ ಆದದ್ದು ಅವ್ರಿಂದಲ್ಲ, ಎದುರಿಗೆ ನಿಲ್ಲಿಸಿದ ಗೋಡೆಯಿಂದ. ಅಗ್ಗ ಇರೂ ಕಡೆಗೇ ದುಡ್ಡು ಹಾಕ್ತಾ ಹೋದ್ರೆ ಯಾರ ಎದುರಿಗೆ ಗೋಡೆ ಎತ್ತರ ಇದೆಯೋ ಅವ್ರನ್ನೇ ಮೊದ್ಲು ಬಿಟ್ಟ ಹಾಗಾಯ್ತು. ಮಾಸ್ತರು ಹೇಳಿದ ಬೇಲಿ ಮಾತು ನಂಗೆ ಸರಿಯಾಗಿ ಅರ್ಥ ಆದದ್ದು ಈ ಶೀಟು ನೋಡಿದ ಮೇಲೆ.

ಹಂಗಂತ ಅಳತೆ ಬಿಡ್ಲಿಲ್ಲ. ನಾವು ಮಾಡಿದ ನಿಯಮ ಇಷ್ಟೇ: ಸಿದ್ದಿಗೂ ಹಾಲಕ್ಕಿಗೂ ಹೋಲಿಸೂದಿಲ್ಲ, ಹಾಲಕ್ಕಿ ಫೈಲುಗಳ ಒಳಗೇ ಯಾವ ದಾರಿ ಅಗ್ಗ ಅಂತ ಹೋಲಿಸೂದು. ಯಾರಿಗೆ ಅನ್ನೂದನ್ನ ಅವ್ರಿಗೆ ಸಿಗ್ಬೇಕಾಗಿದ್ದ ಬಾಕಿ ನೋಡಿ ತೀರ್ಮಾನ, ಹೆಂಗೆ ಅನ್ನೂದನ್ನ ಲೆಕ್ಕ ನೋಡಿ ತೀರ್ಮಾನ. ಹಂಗೆ ಅಳೆದದ್ದಕ್ಕೇ ವಕೀಲರ ಫೀಸು ಬಿಟ್ಟು ಹಿರಿಯರ ಹೇಳಿಕೆಗೆ ದುಡ್ಡು ಹಾಕಿದ್ವಿ. ನಿಯಮ 13ರಲ್ಲಿ ಅರ್ಜಿದಾರ ಅಲ್ಲದ ಹಿರಿಯರ ಲಿಖಿತ ಹೇಳಿಕೆ ಸಾಕ್ಷಿ ಆಗ್ತದೆ, ಹಳೇ ಬಾವಿ, ಸಮಾಧಿ, ಮನೆ ಕುರುಹೂ ಆಗ್ತದೆ, ಎರಡು ಥರದ್ದು ಬೇಕು. ಅಜ್ಜಂದಿರಿಗೆ ಇಸವಿ ಕೇಳಿದ್ರೆ ಗೊತ್ತಿರೂದಿಲ್ಲ. ಆದ್ರೆ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಆದದ್ದು 1930ರಲ್ಲಿ, ಕಾಯ್ದೆಯ ಗಡಿಯೂ ಸರೀ ಅಲ್ಲೇ. ಒಬ್ಬ ಎಂಬತ್ತು ದಾಟಿದ ಗೌಡರ ಹತ್ರ "ಅಜ್ಜ, ಉಪ್ಪಿನ ಗಲಾಟೆ ಹೊತ್ತಿಗೆ ನಿಮ್ಮವ್ರು ಎಲ್ಲಿದ್ರು" ಅಂತ ಕೇಳಿದ್ದೇ ತಡ, ಅವ್ರ ಅಪ್ಪ ಹೇಳಿದ್ದು ಅಂತ ಶುರು ಮಾಡಿದ್ರು, ಯಾವ ಹಲಸಿನ ಮರದ ಬುಡಕ್ಕೆ ಯಾರ ಗುಡಿಸಲು, ಪಕ್ಕದ ಮನೆಯ ಅಜ್ಜನ ಗದ್ದೆ ಎಲ್ಲಿವರೆಗೆ, ಬಾವಿ ಯಾರು ತೋಡಿದ್ದು, ಎಲ್ಲಾ ಬಂತು. ಆ ಬಾವಿ ಇನ್ನೂ ಇದೆ, ಫೋಟೋ ಹಾಕಿದ್ವಿ. ಹೇಳಿಕೆ ಕೊಡೂಕೆ ಬಂದವ್ರಿಗೆ ಒಂದು ದಿನದ ಕೂಲಿ, ಟೆಂಪೋ, ಊಟ, ಇದೇ ದೊಡ್ಡ ಖರ್ಚು. ಇನ್ನೊಂದು ಹಳೇ ರಿಜಿಸ್ಟರ್ ಇದೆ, ಅದ್ರಲ್ಲಿ ಹೆಸರು ಸಿಕ್ಕಿದ್ರೆ ಫೈಲು ಓಡ್ತದೆ, ಯಾವ ಆಫೀಸಲ್ಲಿ ಅಂತ ಇಲ್ಲಿ ಬರೆಯೂದಿಲ್ಲ, ಬರೆದ್ರೆ ನಾಳೆ ಬಾಗ್ಲಲ್ಲಿ ಏಜೆಂಟ್ರೇ ನಿಂತಿರ್ತಾರೆ.

ಮಧ್ಯ ಒಂದು ಸಣ್ಣ ಪ್ರಯೋಗನೂ ಮಾಡ್ದೆ. ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೋ ಎಲ್ಲಾ ಸೇರಿ ಕರ್ನಾಟಕದ್ದೇ 213 ಹಳ್ಳೀಲಿ ಒಂದು ಅಧ್ಯಯನ ಮಾಡಿದ್ರು, ಸುದ್ದಿ ಹರಡೂಕೆ ಊರ ಮುಖಂಡರಿಗಿಂತ, "ಸುದ್ದಿ ಹಬ್ಬಿಸೂದ್ರಲ್ಲಿ ಯಾರು ಹುಷಾರು" ಅಂತ ಊರವ್ರೇ ತೋರಿಸಿದವ್ರು ಜಾಸ್ತಿ ಉಪಯೋಗ ಅಂತ ಸಿಕ್ತು. ಗ್ರಾಮಸಭೆ ತಾರೀಕು ಹೇಳೂಕೆ ನಾವೂ ಹಂಗೇ ಕೇಳಿದ್ವಿ, ಎರಡು ಕೊಪ್ಪದಲ್ಲೂ ಹೆಸರು ಬಂದದ್ದು ಮೀನು ಮಾರೂ ಒಬ್ಬಳೇ ಅಕ್ಕಂದು, ಅವ್ಳು ಹಾಲಕ್ಕಿಯವ್ಳೂ ಅಲ್ಲ. ಆ ಸಲ ಸಭೆಗೆ ಜಾಗ ಸಾಲ್ಲಿಲ್ಲ. ಖರ್ಚು ಸೊನ್ನೆ.

"ನಮ್ದೂ ಅನ್ಯಾಯವೇ" ಅಂತ ಎಲ್ರೂ ಬರ್ತಾರೆ, ಅದಕ್ಕೊಂದು ಜರಡಿ ಬೇಕು. ನಾವು ಕೇಳೂದು: ಕೊಡ್ಬೇಕಾದ ಆಫೀಸು ಯಾವ್ದು, ಯಾವ ಕಲಂ, ಅವ್ರು ಇಲ್ಲ ಅಂದ ಕಾಗದ ಎಲ್ಲಿ, ಇಲ್ದಿದ್ರೆ ಕಾಗದ ಕೇಳಿ ಹಾಕಿದ ಅರ್ಜಿಯ ಸ್ವೀಕೃತಿ ಎಲ್ಲಿ. ಇವು ಇದ್ರೆ ನ್ಯಾಯದ ಖಾತೆ, ಇಲ್ದಿದ್ರೆ ನಂಟಿನ ಖಾತೆ, ಅಲ್ಲಿ ಸಣ್ಣ ಮೊತ್ತ ಇಟ್ಟಿದೀವಿ, ಅದಕ್ಕೆ ಲೆಕ್ಕ ಕೇಳೂದೂ ಇಲ್ಲ. ಮತ್ತೆ ನ್ಯಾಯದ ಖಾತೆಯಿಂದ ಸರ್ಕಾರ ಕೊಡ್ಬೇಕಾದ ವಸ್ತುವನ್ನೇ ನಾವು ಕೊಂಡು ಕೊಡೂದಿಲ್ಲ, ಕೇಳೂ ಖರ್ಚು ಮಾತ್ರ. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಹೇಳೂ ಭಯ ಇದೇ, ಹೊರಗಿನ ದುಡ್ಡು ಬಂದ್ರೆ ಸರ್ಕಾರ ಜನರಿಗೆ ಉತ್ತರ ಕೊಡೂದನ್ನೇ ಬಿಡ್ತದೆ ಅಂತ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗ್ತಿದೀವಲ್ಲ, ಅದಕ್ಕೆ ಮಷಿನ್ ಕೊಡ್ಸಿ ಅಂತ ಒಬ್ರು ಬಂದ್ರು. ಕೊಡ್ಲಿಲ್ಲ. ಮಷಿನ್ ನಡೆಸೂ ಟೆಕ್ನಿಷಿಯನ್‌ನ ಯಾರು ನೇಮಿಸ್ತಾರೆ ಅಂದ್ರೆ ಉತ್ತರ ಇರ್ಲಿಲ್ಲ.

ಈಗ ಹಂಚಿಕೆ ಮಲೇರಿಯಾಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಫೈಲಿಗೆ ಮೂರನೇ ಒಂದು, ಉಳಿದದ್ದು ನಂಟು. ಮಲೇರಿಯಾ ಯಾಕೆ ಇನ್ನೂ ದೊಡ್ಡ ಪಾಲು ಅಂದ್ರೆ ಅಲ್ಲಿ ನಮ್ಗೆ ಜರಡಿ ಹಿಡಿಯೂ ಯೋಗ್ಯತೆ ಇಲ್ಲ, ಯಾವ ಆಫೀಸು ಯಾವ ಕಲಂ ಅಂತ ಗೊತ್ತಿಲ್ಲ, ಅಳತೆ ಬಿಟ್ರೆ ಕೈಲಿ ಏನೂ ಇಲ್ಲ. ಪುಣೆಯವ ಇನ್ನೂ ಒಪ್ಪಿಲ್ಲ, ಹಕ್ಕುಪತ್ರ ನಲವತ್ತು ಸಾವ್ರದಿಂದ ಇಪ್ಪತ್ತೈದಕ್ಕೆ ಇಳೀದಿದ್ರೆ ಮುಂದಿನ ವರ್ಷ ಫೈಲಿನ ಪಾಲು ಕಮ್ಮಿ ಮಾಡ್ಬೇಕು ಅಂತಾನೆ. ಮಾಸ್ತರು ಮಲೇರಿಯಾ ಪಾಲು ಕಮ್ಮಿ ಮಾಡು ಅಂತಾರೆ. ದೀಪಾವಳಿಗೆ ಎಲ್ರೂ ಊರಿಗೆ ಬರ್ತಾರೆ, ಆಗ ಮತ್ತೆ ಜಗಳ ಇದೆ.