ಕಾರ್ಡ್ ಖಾಲಿ ಮಾಡುವ ಮುನ್ನ

ವಿಡಿಯೊ ಚಿತ್ರೀಕರಣ ಮುಗಿದ ಒಂದು ಸಂಜೆ, ಕ್ಯಾಮೆರಾದ ಎರಡನೆಯ ಮೆಮೊರಿ ಕಾರ್ಡಿನ ಫೈಲುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮೊದಲ ಕಾರ್ಡಿನ ಫೋಲ್ಡರಿಗೇ ಎಳೆದು ಹಾಕಿದೆ. ‘ಇದೇ ಹೆಸರಿನ ಫೈಲ್ ಈಗಾಗಲೇ ಇದೆ, ಬದಲಾಯಿಸಬೇಕೆ?’ ಎಂದು ಕಂಪ್ಯೂಟರ್ ಕೇಳಿತು. ದಣಿದಿದ್ದ ನಾನು ಹೌದು ಎಂದುಬಿಟ್ಟೆ. ಬೆಳಗಿನ ಸಂದರ್ಶನದ ಹನ್ನೊಂದು ಕ್ಲಿಪ್‌ಗಳು ಅಳಿದವು. ಮೊದಲ ಕಾರ್ಡನ್ನು ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಿ ಆಗಿತ್ತು. ಹೊಸ ಕಾರ್ಡ್ ಹಾಕಿದಾಗಲೆಲ್ಲ ನನ್ನ ಕ್ಯಾಮೆರಾ C0001.MP4 ಎಂದೇ ಎಣಿಕೆ ಶುರು ಮಾಡುತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಹಾಗಾಗಿ ಕಾರ್ಡಿನ ಫೈಲುಗಳನ್ನು ಜೋಪಾನವಾಗಿ ಡಿಸ್ಕ್‌ಗೆ ಸಾಗಿಸುವ ಕೆಲಸ ಶುರುವಾಗುವುದು ಬೆಳಿಗ್ಗೆಯೇ. ಮೆನುವಿನಲ್ಲಿ ಫೈಲ್ ಸಂಖ್ಯೆ ಪ್ರತಿ ಕಾರ್ಡಿಗೂ ಮರಳಿ ಒಂದಕ್ಕೆ ಬಾರದೆ ಮುಂದುವರಿಯುವಂತೆ ಮಾಡಿ. ಎಲ್ಲ ಕ್ಯಾಮೆರಾಗಳ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿ. ಕಾರ್ಡ್‌ಗಳ ಮೇಲೆ A001, A002, B001 ಎಂದು ಚೀಟಿ ಅಂಟಿಸಿ. A, B ಎಂದರೆ ಕ್ಯಾಮೆರಾ. ತುಂಬಿದ ಎಸ್‌ಡಿ ಕಾರ್ಡನ್ನು ಹೊರತೆಗೆದ ಕೂಡಲೇ ಅದರ ಅಂಚಿನ ಪುಟ್ಟ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ. ಯಾರಾದರೂ ಅದನ್ನು ಮರೆತು ಮತ್ತೆ ಹಾಕಿದರೆ ಕ್ಯಾಮೆರಾವೇ ತಡೆಯುತ್ತದೆ.

ಪ್ರತಿ ಕಾರ್ಡಿನ ನಕಲೂ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿರಬೇಕು. ನಕಲು ಮಾಡುವ ಮೊದಲೇ ಎರಡರಲ್ಲೂ ಹೀಗೆ ಫೋಲ್ಡರ್ ಮಾಡಿಕೊಳ್ಳಿ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕ ಬರೆದರೆ ಕಂಪ್ಯೂಟರ್ ತಾನಾಗಿಯೇ ಸರಿಯಾಗಿ ಜೋಡಿಸುತ್ತದೆ.

```
20250316_SANDARSHANA/
  01_FOOTAGE/CAM_A/A001
  01_FOOTAGE/CAM_A/A002
  01_FOOTAGE/CAM_B/B001
  02_AUDIO/S001
  03_PROJECT
  04_EXPORT
```

ಒಂದು ಕಾರ್ಡಿಗೆ ಒಂದು ಫೋಲ್ಡರ್. ಕಾರ್ಡಿನಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ತನ್ನಿ. ವಿಡಿಯೊ ಫೈಲುಗಳನ್ನಷ್ಟೇ ಆರಿಸಿಕೊಳ್ಳುವ ಆಸೆ ಬೇಡ. ಕೆಲವು ಕ್ಯಾಮೆರಾಗಳು ಒಂದೇ ದೀರ್ಘ ಶಾಟ್ ಅನ್ನು ಹಲವು ಫೈಲುಗಳಾಗಿ ಒಡೆದಿಡುತ್ತವೆ. ಆ ತುಂಡುಗಳನ್ನು ಹೊಲಿಯುವ ಮಾಹಿತಿ ಪಕ್ಕದ, ಕೆಲಸಕ್ಕೆ ಬಾರದಂತೆ ಕಾಣುವ ಫೋಲ್ಡರುಗಳಲ್ಲಿರುತ್ತದೆ. ಅದನ್ನು ಬಿಟ್ಟು ಬಂದರೆ ಜೋಡಣೆಯ ಜಾಗದಲ್ಲಿ ಧ್ವನಿ ಒಂದು ಕ್ಷಣ ಕಡಿದು ಹೋಗಬಹುದು. ಇದು ಕಣ್ಣಿಗೆ ಬೀಳುವುದು ಎಡಿಟಿಂಗ್ ಮೇಜಿನ ಮುಂದೆಯೇ.

ಈಗ ನಕಲು. ಎಳೆದು ಹಾಕುವ ವಿಧಾನ ಫೈಲನ್ನು ಸಾಗಿಸುತ್ತದೆ, ಸರಿಯಾಗಿ ತಲುಪಿತೇ ಎಂದು ಮತ್ತೆ ಓದಿ ನೋಡುವುದಿಲ್ಲ. ಸಡಿಲ ಕೇಬಲ್ಲೋ ಹಳೆಯ ಕಾರ್ಡ್ ರೀಡರೋ ನಡುವೆ ಕೆಲವು ಬಿಟ್‌ಗಳನ್ನು ಕೆಡಿಸಿದರೆ, ಫೈಲಿನ ಗಾತ್ರ ಅಷ್ಟೇ ಇರುತ್ತದೆ, ಒಳಗೆ ಹಸಿರು ಚೌಕಗಳು ಕುಣಿಯುತ್ತವೆ. ಆದ್ದರಿಂದ ಚೆಕ್‌ಸಮ್ ಹೋಲಿಸುವ ತಂತ್ರಾಂಶ ಬೇಕು. ಪ್ರತಿ ಫೈಲಿನ ಬಿಟ್‌ಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯೇ ಚೆಕ್‌ಸಮ್. ಕಾರ್ಡಿನಲ್ಲೂ ಡಿಸ್ಕ್‌ನಲ್ಲೂ ಅದು ಒಂದೇ ಆಗಿದ್ದರೆ ನಕಲು ನಂಬಲರ್ಹ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ Media ಪುಟದ Clone Tool ಈ ಕೆಲಸ ಮಾಡುತ್ತದೆ. ಮೂಲವಾಗಿ ಕಾರ್ಡನ್ನು, ಗುರಿಯಾಗಿ ಎರಡೂ ಡಿಸ್ಕ್‌ಗಳನ್ನು ಕೊಡಿ.

ಸಮಯದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು, ಇಲ್ಲವಾದರೆ ಊಟದ ವೇಳೆಗೆ ಖಾಲಿ ಕಾರ್ಡಿಗಾಗಿ ಕೂಗಾಟ ಶುರು. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ದಾಖಲಿಸಿದರೆ ಗಂಟೆಗೆ 45 ಜಿಬಿ. ರೀಡರ್ ಸೆಕೆಂಡಿಗೆ 90 ಮೆಗಾಬೈಟ್ ಓದಿದರೆ ಸುಮಾರು ಎಂಟೂವರೆ ನಿಮಿಷ. ಮರುಓದು ಸೇರಿ ಅದರ ಇಮ್ಮಡಿ. ಮೂರು ಕಾರ್ಡ್ ಇದ್ದರೆ ಸುಮಾರು ಒಂದು ಗಂಟೆ ಎಂದಿಟ್ಟುಕೊಳ್ಳಿ. ಸಂಜೆಗೆಂದು ಕೂಡಿಡದೆ, ಒಂದೊಂದು ಕಾರ್ಡ್ ತುಂಬಿದ ಹಾಗೆಯೇ ಸಾಗಿಸುತ್ತಾ ಹೋಗುವುದು ನನ್ನ ರೂಢಿ.

ಚೆಕ್‌ಸಮ್ ಹೊಂದಿದರೂ ಮೊದಲ, ನಡುವಿನ ಮತ್ತು ಕೊನೆಯ ಕ್ಲಿಪ್ ತೆರೆದು ನೋಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೈಕ್ ಆನ್ ಮಾಡದೇ ತೆಗೆದ ದೃಶ್ಯವನ್ನೂ ತಂತ್ರಾಂಶ ಅತ್ಯಂತ ನಿಷ್ಠೆಯಿಂದ ನಕಲಿಸಿರುತ್ತದೆ! ನಂತರ ಒಂದು ಹಾಳೆಯಲ್ಲಿ ಕಾರ್ಡಿನ ಹೆಸರು, ಕ್ಲಿಪ್‌ಗಳ ಸಂಖ್ಯೆ, ಗಾತ್ರ, ಎರಡು ಡಿಸ್ಕ್‌ಗಳಿಗೆ ಎರಡು ಟಿಕ್. ಧ್ವನಿ ರೆಕಾರ್ಡರಿನ ಕಾರ್ಡಿಗೂ ಇದೇ ಸಾಲು ಇರಲಿ; ಎಲ್ಲರೂ ಮರೆಯುವುದು ಅದನ್ನೇ.

ಎಡಿಟರ್ ಪ್ರಾಜೆಕ್ಟ್ ತೆರೆದ ಮೇಲೆ ಮೂಲ ಫೈಲುಗಳ ಹೆಸರನ್ನಾಗಲೀ ಜಾಗವನ್ನಾಗಲೀ ಮುಟ್ಟಬಾರದು. ತಂತ್ರಾಂಶ ಫೈಲನ್ನು ಹುಡುಕುವುದು ಅದರ ವಿಳಾಸದಿಂದ. ವಿಳಾಸ ಬದಲಾದರೆ ಟೈಮ್‌ಲೈನ್ ತುಂಬ ‘ಮೀಡಿಯಾ ಸಿಗುತ್ತಿಲ್ಲ’ ಎಂಬ ಸೂಚನೆ. ‘ನಗುವ ಶಾಟ್’, ‘ಕೈಗಳ ಕ್ಲೋಸಪ್’ ಎಂಬ ಹೆಸರುಗಳನ್ನು ತಂತ್ರಾಂಶದ ಒಳಗೆ ಕ್ಲಿಪ್‌ಗಳನ್ನು ಜೋಡಿಸಿಡುವ ಬಿನ್‌ನಲ್ಲೇ ಕೊಡಿ, ಮೂಲ ಫೈಲಿಗೆ ಅದರ ಸುಳಿವೂ ಇರುವುದಿಲ್ಲ.

ಆ ರಾತ್ರಿ ಎರಡು ಡಿಸ್ಕ್‌ಗಳು ಇಬ್ಬರ ಚೀಲಗಳಲ್ಲಿ ಬೇರೆ ಬೇರೆ ಮನೆಗೆ ಹೋಗಲಿ. ಹಾಳೆಯಲ್ಲಿ ಎರಡೂ ಟಿಕ್ ಇರುವ ಕಾರ್ಡನ್ನು ಮಾತ್ರ ಮರುದಿನ ಫಾರ್ಮ್ಯಾಟ್ ಮಾಡಿ, ಅದೂ ಕಂಪ್ಯೂಟರಿನಲ್ಲಲ್ಲ, ಅದನ್ನು ಬಳಸುವ ಕ್ಯಾಮೆರಾದಲ್ಲೇ.