ಅಳಿಸುವ ಮುನ್ನ ಯಾರ ಅಂಕಿ ಅಂತ ನೋಡಿ

ಗೇಮ್ ಥಿಯರಿಯ ಪೇಆಫ್ ಕೋಷ್ಟಕ ಬಿಡಿಸುವಾಗ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಪದೇ ಪದೇ ಎಡವುವುದು ಒಂದೇ ಕಡೆ. ಸಾಲಿನ ಅಂಕಿಗಳನ್ನು ಕೂಡಿಸುತ್ತಾರೆ, ಮೊತ್ತ ಕಡಿಮೆ ಬಂದ ಸಾಲನ್ನು ಹೊಡೆದುಹಾಕುತ್ತಾರೆ. ಅದು ತಪ್ಪು. ಈ ಲೆಕ್ಕ ನೋಡಿ:

```
      ಎಡ     ನಡು    ಬಲ
ಕ    3,2    0,1    1,0
ಖ    1,1    2,3    0,2
ಗ    0,4    1,2    5,1
```

ರಾಧಾ ಅಡ್ಡಸಾಲು ಆರಿಸುತ್ತಾಳೆ, ಕೇಶವ ಕಂಬಸಾಲು, ಇಬ್ಬರೂ ಒಂದೇ ಸಲಕ್ಕೆ. ಪ್ರತಿ ಮನೆಯಲ್ಲಿ ಮೊದಲ ಅಂಕಿ ರಾಧಾಳದು, ಎರಡನೆಯದು ಕೇಶವನದು.

1. ಅಳಿಸುವುದು. ರಾಧಾಳ ಅಂಕಿ ಕೂಡಿಸಿದರೆ 'ಗ' ಸಾಲಿಗೆ 6 ಬರುತ್ತದೆ, ಅದೇ ಜಾಸ್ತಿ. ಆದರೂ ಕೊನೆಗೆ ಅಳಿಸಿಹೋಗುವುದು ಅದೇ ಸಾಲು!

ಮೊದಲು ಕೇಶವನ ಕಡೆಯಿಂದ ನೋಡಿ. ಅವನ ಎರಡು ಕಂಬಸಾಲುಗಳನ್ನು ಹೋಲಿಸುವಾಗ ಎರಡನೆಯ ಅಂಕಿ ಮಾತ್ರ ಓದಬೇಕು, ಅದೂ ಒಂದೊಂದೇ ಅಡ್ಡಸಾಲಿನಲ್ಲಿ. 'ನಡು'ವಿನಲ್ಲಿ 1, 3, 2. 'ಬಲ'ದಲ್ಲಿ 0, 2, 1. ರಾಧಾ ಏನೇ ಮಾಡಲಿ, ಕೇಶವನಿಗೆ 'ನಡು'ವೇ ಮೇಲು. ಹಾಗಾಗಿ 'ಬಲ' ಅಳಿಸಿ.

ಈಗ ರಾಧಾಳ ಸರದಿ. ಮೊದಲ ಅಂಕಿಗಳನ್ನೇ ನೋಡಿ. 'ಗ' ಸಾಲನ್ನು ಕಾಪಾಡಿದ್ದು 'ಬಲ'ದ ಆ 5 ಮಾತ್ರ, ಅದು ಹೋಯಿತು. ಉಳಿದದ್ದು 0, 1. 'ಖ'ದಲ್ಲಿ 1, 2. ಎರಡೂ ಕಡೆ 'ಖ' ಮುಂದಿದೆ, 'ಗ' ಅಳಿಸಿ.

ಉಳಿದ ನಾಲ್ಕು ಮನೆಗಳಲ್ಲಿ ಇನ್ನೇನೂ ಅಳಿಸಲು ಬರುವುದಿಲ್ಲ. 'ಕ'ದ ಎದುರು ಕೇಶವನಿಗೆ 'ಎಡ' ಒಳ್ಳೆಯದು, 'ಖ'ದ ಎದುರು 'ನಡು'. ರಾಧಾಳದೂ ಹಾಗೇ. ಇಲ್ಲಿ ಸುಮ್ನೆ ಬಲವಂತವಾಗಿ ಇನ್ನೊಂದು ಸಾಲು ಹೊಡೆಯಬೇಡಿ.

ಎಲ್ಲಾದರೂ ಅಂಕಿಗಳು ಸಮವಾಗಿದ್ದರೆ ಆ ಸಾಲನ್ನು ಅಳಿಸಲೇಬೇಡಿ. ಎಲ್ಲ ಮನೆಯಲ್ಲೂ ಸ್ಪಷ್ಟವಾಗಿ ಕಡಿಮೆ ಇದ್ದರೆ, ಯಾವುದನ್ನು ಮೊದಲು ಅಳಿಸಿದರೂ ಉತ್ತರ ಬದಲಾಗುವುದಿಲ್ಲ. ಸಮ ಇರುವ ಕಡೆ ಅಳಿಸಿದರೆ ನಿಜವಾದ ಸಮತೋಲನವೇ ಕಳೆದುಹೋಗಬಹುದು. ಹಂತ ತೋರಿಸದೆ ಬರೀ ಉತ್ತರ ಕೊಡುವ ಗೈಡ್‌ಗಳಿಂದ ಇದು ಗೊತ್ತೇ ಆಗುವುದಿಲ್ಲ, ಅಂಥವನ್ನು ಕೊಳ್ಳಬೇಡಿ.

2. ಗೆರೆ ಎಳೆಯುವುದು. ಪೂರ್ತಿ ಒಂಬತ್ತು ಮನೆಯ ಕೋಷ್ಟಕವನ್ನು ಹೊಸದಾಗಿ ಬರೆದುಕೊಳ್ಳಿ. ಗೀಚಿದ ಕೋಷ್ಟಕದ ಮೇಲೆ ಈ ಕೆಲಸ ಬೇಡ. ಪ್ರತಿ ಕಂಬಸಾಲಿನಲ್ಲಿ ಮೇಲಿಂದ ಕೆಳಗೆ ರಾಧಾಳ ದೊಡ್ಡ ಅಂಕಿಗೆ ಗೆರೆ ಹಾಕಿ: 3, 2, 5. ಪ್ರತಿ ಅಡ್ಡಸಾಲಿನಲ್ಲಿ ಕೇಶವನ ದೊಡ್ಡ ಅಂಕಿಗೆ ಇನ್ನೊಂದು ಬಣ್ಣದ ಗೆರೆ: 2, 3, 4. ದೊಡ್ಡ ಅಂಕಿ ಎರಡು ಕಡೆ ಇದ್ದರೆ ಎರಡಕ್ಕೂ ಹಾಕಿ.

ಎರಡೂ ಗೆರೆ ಬಿದ್ದ ಮನೆಗಳು ಕ-ಎಡ ಮತ್ತು ಖ-ನಡು. ಅಲ್ಲಿಂದ ಒಬ್ಬರೇ ಜಾಗ ಬದಲಿಸಿದರೆ ಅವರಿಗೇ ನಷ್ಟ. ಇವೇ ನ್ಯಾಶ್ ಸಮತೋಲನಗಳು.

3. ತಾಳೆ. ಈ ಮನೆಗಳು ಮೊದಲು ಅಳಿಸಿದ ಸಾಲಿನಲ್ಲಿ ಸಿಕ್ಕಿದ್ದರೆ ಅಳಿಸುವಾಗಲೇ ತಪ್ಪಾಗಿದೆ.

ಮಿಶ್ರ ತಂತ್ರದ ಸಮತೋಲನವನ್ನು ಗೆರೆಗಳು ತೋರಿಸುವುದಿಲ್ಲ. ಪ್ರಶ್ನೆಯಲ್ಲಿ 'ಎಲ್ಲ ಸಮತೋಲನ' ಅಂತ ಕೇಳಿದ್ದರೆ, ಉಳಿದ ನಾಲ್ಕು ಮನೆಗಳಿಂದ ಅದನ್ನೂ ಲೆಕ್ಕ ಹಾಕಬೇಕು. ಇಲ್ಲಿ ರಾಧಾ 'ಕ'ವನ್ನು 2/3 ಸಂಭವದಿಂದ, ಕೇಶವ 'ಎಡ'ವನ್ನು 1/2 ಸಂಭವದಿಂದ ಆಡುತ್ತಾರೆ.